ಬಾಕಿ ದೃಢೀಕರಣದಲ್ಲಿ ಕಂಡುಬರುವ ವ್ಯತ್ಯಾಸ ಮತ್ತು ಪೂರೈಕೆದಾರನ ಉತ್ತರ

ಕಂಪನಿಯೊಂದರ ಶಾಸನಬದ್ಧ ಲೆಕ್ಕಪರಿಶೋಧಕರು ಆ ಕಂಪನಿ ಕೊಡಬೇಕಾದ ಬಾಕಿಯನ್ನು ಪೂರೈಕೆದಾರನಿಂದಲೇ ಲಿಖಿತವಾಗಿ ತಿಳಿದುಕೊಳ್ಳುವುದನ್ನು ಬಾಕಿ ದೃಢೀಕರಣ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಆಧಾರವಾದ ಲೆಕ್ಕಪರಿಶೋಧನಾ ಮಾನದಂಡ 505ರ ಪ್ರಕಾರ ಉತ್ತರವು ನೇರವಾಗಿ ಪರಿಶೋಧಕರಿಗೇ ತಲುಪಬೇಕು. ಕಂಪನಿಯ ದಾಖಲೆಗೂ ಉತ್ತರಕ್ಕೂ ಹೊಂದಿಕೆಯಾಗದ ಅಂಶವನ್ನು ಅದು 'ವ್ಯತ್ಯಾಸ'ವೆಂದು ಪರಿಗಣಿಸುತ್ತದೆಯೇ ಹೊರತು, ಅದನ್ನು ತಪ್ಪೆಂದು ಮೊದಲೇ ತೀರ್ಮಾನಿಸುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬಿಡಿಭಾಗ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದಕ್ಕೆ ಬಂದ ಪತ್ರದಲ್ಲಿ 2024ರ ಮಾರ್ಚ್ 31ರ ಬಾಕಿ 8,42,000 ರೂಪಾಯಿ ಎಂದಿದೆ. ಸಂಸ್ಥೆಯ ಸ್ವಂತ ಲೆಡ್ಜರಿನಲ್ಲಿ 9,74,600 ರೂಪಾಯಿ ಇದೆ. ಎರಡನ್ನೂ ಸಾಲುಸಾಲಾಗಿ ತಾಳೆ ನೋಡಿದಾಗ 1,32,600 ರೂಪಾಯಿಗಳ ಅಂತರ ಮೂರು ಭಾಗವಾಗಿ ಒಡೆಯುತ್ತದೆ: ಮಾರ್ಚ್ 30ರಂದು ಕಳಿಸಿ ಏಪ್ರಿಲ್ 2ರಂದು ತಲುಪಿದ ಸರಕಿನ 1,18,000 ರೂಪಾಯಿಗಳ ಬಿಲ್ಲು; ದೋಷವಿದೆಯೆಂದು ಕಂಪನಿ ಹಾಕಿದ, ಸಂಸ್ಥೆ ಇನ್ನೂ ಒಪ್ಪದ 11,800 ರೂಪಾಯಿಗಳ ಡೆಬಿಟ್ ನೋಟ್; ಮತ್ತು ಕಂಪನಿ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದ್ದರೂ ಸಂಸ್ಥೆ ತನ್ನ ಪುಸ್ತಕದಲ್ಲಿ ಬರೆಯದ 2,800 ರೂಪಾಯಿಗಳ ಟಿಡಿಎಸ್.

ಕೊನೆಯದು 26ಎಎಸ್ ನಮೂನೆಯನ್ನು ನೋಡಿದೊಡನೆ ಬಗೆಹರಿಯುತ್ತದೆ. ಪರಿಶೋಧಕರ ಕಣ್ಣು ನೆಡುವುದು ಮೊದಲನೆಯದರ ಮೇಲೆ, ಏಕೆಂದರೆ ಕೊಡಬೇಕಾದ ಬಾಕಿಯ ವಿಷಯದಲ್ಲಿ ಅವರ ಆತಂಕ ಹೆಚ್ಚಾಗಿ ಬರೆದದ್ದರ ಬಗ್ಗೆ ಅಲ್ಲ, ಬರೆಯದೆ ಬಿಟ್ಟದ್ದರ ಬಗ್ಗೆ. ಸರಕು ಪೂರೈಕೆದಾರನ ಕಾರ್ಖಾನೆಯಿಂದ ಹೊರಟೊಡನೆ ಒಡೆತನ ಬದಲಾಗುವ ಕರಾರಿದ್ದರೆ, ಲಾರಿ ದಾರಿಯಲ್ಲಿದ್ದರೂ ಮಾರ್ಚ್ 31ಕ್ಕೆ ಸಾಲ ಕಂಪನಿಯದೇ ಆಗಿದ್ದು, ಅದರ ದಾಸ್ತಾನು, ಬಾಕಿ ಎರಡೂ ಕಡಿಮೆ ತೋರಿವೆ. ಖರೀದಿದಾರನ ಗೋದಾಮಿನಲ್ಲಿ ಒಪ್ಪಿಸಿದ ಮೇಲಷ್ಟೇ ಒಡೆತನ ಬದಲಾಗುವುದಾದರೆ ಕಂಪನಿಯ ಲೆಕ್ಕ ಸರಿಯಾಗಿದ್ದು, ಸಂಸ್ಥೆಯೇ ಮಾರಾಟವನ್ನು ಅವಧಿಗೆ ಮುಂಚೆ ಬರೆದುಕೊಂಡಂತಾಗುತ್ತದೆ. ಹೀಗಾಗಿ ಬಿಲ್ಲಿನ ದಿನಾಂಕವೊಂದೇ ಸಾಲದು. ಖರೀದಿ ಆದೇಶದ ಷರತ್ತು, ಲಾರಿ ರಶೀದಿ, ಸರಕು ಸ್ವೀಕರಿಸಿದ ದಿನಾಂಕಗಳೂ ಬೇಕು.

ಆದ್ದರಿಂದ ಉತ್ತರದಲ್ಲಿ 'ಒಪ್ಪುತ್ತೇವೆ' ಎಂದು ಸಹಿ ಹಾಕುವುದಾಗಲಿ, ವಿವರಣೆಯಿಲ್ಲದೆ 'ಒಪ್ಪುವುದಿಲ್ಲ' ಎಂದು ಬರೆಯುವುದಾಗಲಿ ಸಲ್ಲದು. ಸಂಸ್ಥೆಯು ಅದೇ ದಿನಾಂಕದ ತನ್ನ ಲೆಡ್ಜರಿನ ಮೊತ್ತವಾದ 9,74,600 ರೂಪಾಯಿಗಳನ್ನೇ ಮೊದಲು ನಮೂದಿಸಿ, ಮೂರೂ ಅಂಶಗಳನ್ನು ಬಿಲ್ಲಿನ ಸಂಖ್ಯೆ ಮತ್ತು ದಿನಾಂಕದೊಡನೆ ವಿವರಿಸಿ, ಲೆಡ್ಜರಿನ ಪ್ರತಿಯನ್ನು ಲಗತ್ತಿಸುವುದು ಸೂಕ್ತ. ಟಿಡಿಎಸ್ ತನ್ನದೇ ಲೋಪವಾದರೂ, ಈಗ ತಿದ್ದಿಕೊಂಡ ಮೊತ್ತವನ್ನು ಮಾರ್ಚ್ 31ರ ಲೆಡ್ಜರಿನ ಮೊತ್ತವೆಂಬಂತೆ ತೋರಿಸಬಾರದು. ಲೋಪವನ್ನು ಪ್ರತ್ಯೇಕ ಸಾಲಿನಲ್ಲಿ ಒಪ್ಪಿಕೊಳ್ಳಬೇಕು. ಅಂತರವನ್ನು ಕೂಡಲೇ ಸರಿಪಡಿಸಿಕೊಡುವಂತೆ ಕಂಪನಿಯ ಖರೀದಿ ವಿಭಾಗದಿಂದ ಒತ್ತಾಯ ಬರುವುದು ಅಪರೂಪವಲ್ಲ. ಅದಕ್ಕೆ ಮಣಿದರೆ ಪರಿಶೋಧಕರ ಕೈಗೆ ಸಿಗುವುದು ಕಂಪನಿಯ ಮಾತೇ ಹೊರತು ಸ್ವತಂತ್ರ ಸಾಕ್ಷ್ಯವಲ್ಲ. ಡೆಬಿಟ್ ನೋಟನ್ನು ವಿವಾದಿತವೆಂದೇ ಗುರುತಿಸಿ, ತಿರಸ್ಕೃತ ಭಾಗಗಳು ಮರಳಿ ಬಂದಿವೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಆ 11,800 ರೂಪಾಯಿಗಳಿಗೆ ಕಂಪನಿ ಹೊಣೆಯೇ ಎಂಬುದನ್ನು ಪರಿಶೋಧಕರು ಪರಿಶೀಲಿಸಲು ತೊಡಗುವುದು ಅಲ್ಲಿಂದಲೇ.