ಸರದಿ ಮತ್ತು ಆದ್ಯತೆ: ಭೂದಾಖಲೆ ತಂತ್ರಾಂಶದ ಉದಾಹರಣೆಯಲ್ಲಿ ಸ್ಕ್ರಮ್ ಬ್ಯಾಕ್‌ಲಾಗ್ ಮತ್ತು ಸ್ಪ್ರಿಂಟ್ ಯೋಜನೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಜಮೀನು ಕೊಂಡವರಿಗೆಲ್ಲ ಮ್ಯುಟೇಷನ್ ಸರದಿ ಗೊತ್ತು. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಪಹಣಿಗಳನ್ನು ಗಣಕೀಕರಿಸಿದಾಗ ಖಾತೆ ಬದಲಾವಣೆಯ ಅರ್ಜಿಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ ತಂದಿತು: ಮೊದಲು ಬಂದ ಅರ್ಜಿಯನ್ನು ಮೊದಲು ವಿಲೇವಾರಿ ಮಾಡಬೇಕು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶವೇ ಬಿಡುತ್ತಿರಲಿಲ್ಲ. ಪ್ರಭಾವಿಗಳ ಕಡತ ಮೇಲೇರಿ ಬಡವರ ಕಡತ ಕೆಳಗೆ ಉಳಿಯುವುದನ್ನು ತಡೆಯಲು ಇದಕ್ಕಿಂತ ನೇರವಾದ ಉಪಾಯ ಇರಲಿಲ್ಲ.

ನಾಗರಿಕರ ಅರ್ಜಿಗೆ ನ್ಯಾಯವಾದ ಈ ಸರದಿ, ತಂತ್ರಾಂಶ ಕಟ್ಟುವ ತಂಡದ ಕೆಲಸದ ಪಟ್ಟಿಗೆ ಒಗ್ಗುವುದಿಲ್ಲ ಎಂಬುದು ಈ ಲೇಖನದ ವಾದ. ವರ್ಷದ ಯೋಜನೆಯನ್ನು ಮೊದಲೇ ಬರೆದಿಟ್ಟು ದುಡಿದ ತಂಡ ಸ್ಕ್ರಮ್‌ಗೆ ಬಂದಾಗ, ಸಭೆಗಳನ್ನು ಬೇಗ ಕಲಿಯುತ್ತದೆ. ಪಟ್ಟಿಯ ಕ್ರಮವನ್ನು ಬದಲಿಸಬಹುದು, ಬದಲಿಸಲೇಬೇಕು ಎಂಬುದನ್ನು ಬಹಳ ತಡವಾಗಿ ಒಪ್ಪುತ್ತದೆ.

ಸ್ಕ್ರಮ್‌ನ ಬೇರು 1986ರಲ್ಲಿ ಹಿರೊಟಾಕಾ ಟಕೆಯುಚಿ ಮತ್ತು ಇಕುಜಿರೊ ನೊನಾಕಾ ಪ್ರಕಟಿಸಿದ ಲೇಖನದಲ್ಲಿದೆ. ಹೊಂಡಾ, ಕ್ಯಾನನ್‌ನಂಥ ಕಂಪನಿಗಳಲ್ಲಿ ಹಂತಗಳನ್ನು ಒಂದಾದ ಮೇಲೊಂದರಂತೆ ಮುಗಿಸದೆ ಇಡೀ ತಂಡ ಒಟ್ಟಾಗಿ ಮುನ್ನಡೆಯುವುದನ್ನು ಅವರು ಗುರುತಿಸಿದ್ದರು. ಅದನ್ನು ತಂತ್ರಾಂಶಕ್ಕೆ ಹೊಂದಿಸಿದವರು ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್. 1995ರಲ್ಲಿ ಅದನ್ನು ವಿದ್ವತ್ ಸಮ್ಮೇಳನವೊಂದರ ಮುಂದಿಟ್ಟರು. ಅವರ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಂತೆ ತಂಡದಲ್ಲಿ ಮೂರು ಹೊಣೆಗಾರಿಕೆಗಳಿವೆ. ಪಟ್ಟಿಯ ಕ್ರಮ ಪ್ರಾಡಕ್ಟ್ ಓನರ್‌ನ ಹೊಣೆ. ಕೆಲಸವನ್ನು ಹೇಗೆ ಮಾಡಬೇಕು, ಒಂದು ಸ್ಪ್ರಿಂಟ್‌ಗೆ ಎಷ್ಟು ಹಿಡಿಯುತ್ತದೆ ಎಂಬುದು ಡೆವಲಪರ್‌ಗಳ ತೀರ್ಮಾನ. ತಂಡ ಈ ಪದ್ಧತಿಯನ್ನು ಅರಿತು ನಡೆಸುವಂತೆ ನೋಡಿಕೊಳ್ಳುವುದು ಸ್ಕ್ರಮ್ ಮಾಸ್ಟರ್‌ನ ಹೊಣೆ. ಅವರು ಕೆಲಸ ಹಂಚುವ ಮೇಲಧಿಕಾರಿಯಲ್ಲ.

ಈ ಮೂರರಲ್ಲಿ ಹಳೆಯ ಪದ್ಧತಿಯ ತಂಡಕ್ಕೆ ಹೆಚ್ಚು ಕಷ್ಟವಾಗುವುದು ಮೊದಲನೆಯದು. ಗೈಡ್ ಸ್ಪಷ್ಟವಾಗಿ ಹೇಳುತ್ತದೆ: ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿ, ಸಮಿತಿಯಲ್ಲ. ನಾಲ್ಕು ತಾಲ್ಲೂಕುಗಳಿಂದ ನಾಲ್ಕು ಬೇಡಿಕೆ ಬಂದಾಗ ಎಲ್ಲರನ್ನೂ ಕೇಳಿಸಿಕೊಂಡು ‘ಮೊದಲು ಇದು’ ಎಂದು ಒಬ್ಬರು ಹೇಳಬೇಕು, ಸಂಸ್ಥೆ ಆ ಮಾತಿಗೆ ಬೆಲೆ ಕೊಡಬೇಕು. ಆ ಅಧಿಕಾರ ಕೊಡದೆ ಹೆಸರನ್ನಷ್ಟೇ ಕೊಟ್ಟರೆ ಪಟ್ಟಿ ಬಂದ ದಿನಾಂಕದ ಪ್ರಕಾರವೇ ಜೋಡಣೆಯಾಗುತ್ತದೆ. ಅಂದರೆ ಮ್ಯುಟೇಷನ್ ಸರದಿಯೇ ಮತ್ತೆ ಬಂದು ಕೂರುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ವಿವರವಾಗಿ ನೋಡೋಣ. ಅರ್ಜಿಯ ಸ್ಥಿತಿಯನ್ನು ರೈತರಿಗೆ ತೋರಿಸುವ ವ್ಯವಸ್ಥೆಯನ್ನು ಕಟ್ಟುತ್ತಿರುವ ತಂಡವೊಂದಿದೆ ಎನ್ನಿ. ಆರು ಡೆವಲಪರ್‌ಗಳು, ಎರಡು ವಾರದ ಸ್ಪ್ರಿಂಟ್. ಪಟ್ಟಿಯ ಮೇಲ್ತುದಿಯಲ್ಲಿ ಒಂದು ಸಾಲಿದೆ: ‘ರೈತರು ತಮ್ಮ ಖಾತೆ ಬದಲಾವಣೆ ಅರ್ಜಿ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ನೋಡಬೇಕು.’ ಹಳೆಯ ಪದ್ಧತಿಯಲ್ಲಿ ಇದನ್ನು ಪದರ ಪದರವಾಗಿ ಒಡೆಯುತ್ತಿದ್ದರು: ಮೊದಲ ತಿಂಗಳು ದತ್ತಾಂಶದ ಕೋಷ್ಟಕಗಳು, ಆಮೇಲೆ ಪರದೆಗಳು, ಕೊನೆಗೆ ಪರೀಕ್ಷೆ. ಹಾಗೆ ಒಡೆದರೆ ಕೊನೆಯ ಪದರ ಮುಗಿಯುವವರೆಗೆ ಯಾವ ರೈತರಿಗೂ ಏನೂ ಕಾಣುವುದಿಲ್ಲ, ತಪ್ಪು ತಿಳಿವಳಿಕೆ ಇದ್ದರೆ ಅದೂ ಕೊನೆಯವರೆಗೆ ಬಯಲಾಗುವುದಿಲ್ಲ.

ರಿಫೈನ್‌ಮೆಂಟ್ ಎಂದರೆ ಈ ಸಾಲನ್ನು ಬೇರೆ ಬಗೆಯಲ್ಲಿ ಸೀಳುವುದು. ಅದು ನಿಗದಿತ ಸಭೆಯಲ್ಲ, ಸ್ಪ್ರಿಂಟ್‌ನುದ್ದಕ್ಕೂ ನಡೆಯುವ ಕೆಲಸ. ತಂಡ ಕಂದಾಯ ಸಿಬ್ಬಂದಿಯ ಜೊತೆ ಕೂತಾಗ ಅರ್ಜಿಗಳೆಲ್ಲ ಒಂದೇ ಬಗೆಯವಲ್ಲ ಎಂಬುದು ತಿಳಿಯುತ್ತದೆ. ಕ್ರಯಪತ್ರ ನೋಂದಣಿಯಾದರೆ ಉಪನೋಂದಣಾಧಿಕಾರಿ ಕಚೇರಿಯಿಂದ ಜೆ-ಸ್ಲಿಪ್ ವಿದ್ಯುನ್ಮಾನವಾಗಿ ಬರುತ್ತದೆ. ಪೌತಿ ಖಾತೆಗೆ ವಾರಸುದಾರರು ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ತಾವೇ ಅರ್ಜಿ ಹಾಕಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲೇ 11ಇ ನಕ್ಷೆ ಬೇಕು, ಅದು ಭೂಮಾಪನ ಇಲಾಖೆಯ ದಾರಿ. ಆದ್ದರಿಂದ ಮೊದಲ ಸೀಳು ಹೀಗಾಗಬಹುದು: ಒಂದೇ ತಾಲ್ಲೂಕು, ಪೂರ್ತಿ ಸರ್ವೆ ನಂಬರಿನ ಕ್ರಯ ಮಾತ್ರ, ಸ್ಥಿತಿ ತೋರಿಸುವ ಒಂದೇ ಪರದೆ. ಅದು ಸಣ್ಣದು, ಆದರೆ ದತ್ತಾಂಶದಿಂದ ಪರದೆಯವರೆಗೆ ಪೂರ್ಣ. ಪೌತಿ ಎರಡನೆಯದು, 11ಇ ಬೇಕಾದವು ಇನ್ನೂ ಕೆಳಗೆ, ಅವನ್ನು ಈಗಲೇ ವಿವರವಾಗಿ ಬರೆಯುವ ಅಗತ್ಯವಿಲ್ಲ. ದೀರ್ಘ ಯೋಜನೆಗೆ ಒಗ್ಗಿದವರಿಗೆ ಈ ಅಸಮತೆ ಅಶಿಸ್ತಿನಂತೆ ಕಾಣುತ್ತದೆ. ಆದರೆ ಆರು ತಿಂಗಳ ಆಚೆಯ ಸಾಲಿಗೆ ಇಂದು ಬರೆದ ವಿವರದಲ್ಲಿ ಬಹುಪಾಲು ತಿದ್ದಬೇಕಾಗುತ್ತದೆ. ಆ ಶ್ರಮ ಮೇಲಿನ ಸಾಲುಗಳಿಗೆ ಸಲ್ಲಬೇಕು.

ಸಾಲು ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಒಂದೇ ಸ್ಪ್ರಿಂಟ್‌ನೊಳಗೆ ಪೂರ್ಣ ಮುಗಿಸಬಹುದೆಂದು ಡೆವಲಪರ್‌ಗಳು ನಂಬುವಷ್ಟು ಚಿಕ್ಕದಾಗಿದ್ದರೆ ಸಿದ್ಧ. ‘ಪೂರ್ಣ’ ಎಂಬುದರ ಅರ್ಥವನ್ನೂ ತಂಡ ಮೊದಲೇ ಬರೆದಿಟ್ಟಿರಬೇಕು: ಪರೀಕ್ಷೆ ಮುಗಿದಿರಬೇಕು, ಕನ್ನಡದಲ್ಲಿ ಸರಿಯಾಗಿ ಕಾಣಬೇಕು, ಬಳಕೆಗೆ ಬಿಡುವ ಸ್ಥಿತಿಯಲ್ಲಿರಬೇಕು.

ಸ್ಪ್ರಿಂಟ್ ಯೋಜನೆಯ ಸಭೆಗೆ, ಒಂದು ತಿಂಗಳ ಸ್ಪ್ರಿಂಟ್‌ಗೆ, ಗೈಡ್ ಇಟ್ಟಿರುವ ಮಿತಿ ಎಂಟು ಗಂಟೆ. ಎರಡು ವಾರಕ್ಕೆ ಅದರ ಅರ್ಧ ಸಾಕು. ಅಲ್ಲಿ ಮೊದಲು ಬರಬೇಕಾದ ಪ್ರಶ್ನೆ ಈ ಸ್ಪ್ರಿಂಟ್ ಏಕೆ ಬೇಕು ಎಂಬುದು. ನಮ್ಮ ತಂಡದ ಗುರಿ: ‘ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಪೂರ್ತಿ ಸರ್ವೆ ನಂಬರ್ ಕೊಂಡವರಿಗೆ ಅರ್ಜಿ ಯಾವ ಹಂತದಲ್ಲಿದೆ ಎಂಬುದು ಕಾಣಬೇಕು.’ ಎರಡನೆಯದು ಎಷ್ಟು ಎಂಬುದು. ಹಿಂದಿನ ಮೂರು ಸ್ಪ್ರಿಂಟ್‌ಗಳಲ್ಲಿ ಐದು, ಏಳು, ಆರು ಸಾಲುಗಳು ಮುಗಿದಿದ್ದರೆ, ಈ ಬಾರಿ ಒಬ್ಬರು ರಜೆಯಲ್ಲಿದ್ದರೆ, ಐದನ್ನು ಎತ್ತಿಕೊಳ್ಳುವುದು ವಿವೇಕ. ಹೇಗೆ ಮಾಡುವುದು ಎಂಬುದು ಕೊನೆಯ ಪ್ರಶ್ನೆ. ಅದನ್ನು ಡೆವಲಪರ್‌ಗಳು ಒಂದೊಂದು ದಿನದ ಅಥವಾ ಅದಕ್ಕೂ ಚಿಕ್ಕ ಕೆಲಸಗಳಾಗಿ ಒಡೆದುಕೊಳ್ಳುತ್ತಾರೆ.

ನಾಲ್ಕನೇ ದಿನ ಕೆಲವು ಹಳೆಯ ದಾಖಲೆಗಳಲ್ಲಿ ಹಿಸ್ಸಾ ಸಂಖ್ಯೆ ಹೊಂದುತ್ತಿಲ್ಲ ಎಂದು ಗೊತ್ತಾಯಿತು ಎನ್ನಿ. ಹಳೆಯ ಯೋಜನೆಯಲ್ಲಾದರೆ ದಿನಾಂಕ ಮುಂದೂಡುತ್ತಿದ್ದರು, ಇಲ್ಲವೇ ಪರೀಕ್ಷೆಯನ್ನು ಕುಗ್ಗಿಸುತ್ತಿದ್ದರು. ಸ್ಕ್ರಮ್‌ನಲ್ಲಿ ಗುರಿಯನ್ನೂ ಗುಣಮಟ್ಟವನ್ನೂ ಬಿಟ್ಟುಕೊಡದೆ ಡೆವಲಪರ್‌ಗಳು ಪ್ರಾಡಕ್ಟ್ ಓನರ್ ಜೊತೆ ವ್ಯಾಪ್ತಿಯನ್ನು ಚರ್ಚಿಸುತ್ತಾರೆ: ಸ್ಥಿತಿಯನ್ನು ಮುದ್ರಿಸಿಕೊಳ್ಳುವ ಸಾಲನ್ನು ಈಗ ಬಿಡೋಣ, ಹೊಂದದ ದಾಖಲೆಗಳಿಗೆ ‘ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ’ ಎಂದು ತೋರಿಸೋಣ. ಗುರಿಯೊಂದಿಲ್ಲದೆ ಐದು ಬಿಡಿ ಸಾಲುಗಳಷ್ಟೇ ಇದ್ದಿದ್ದರೆ ಯಾವುದನ್ನು ಬಿಡಬೇಕೆಂದು ತೀರ್ಮಾನಿಸಲು ಆಧಾರವೇ ಇರುತ್ತಿರಲಿಲ್ಲ. ‘ಅದೂ, ಇದೂ, ಮತ್ತೊಂದೂ’ ಎಂದು ಪೋಣಿಸಿದ ಗುರಿಗಳನ್ನು ನಾನು ಅನುಮಾನದಿಂದ ನೋಡುವುದು ಇದಕ್ಕಾಗಿಯೇ.

ದೀರ್ಘ ಯೋಜನೆ ವೇಷ ಬದಲಿಸಿ ಉಳಿದಿದೆಯೇ ಎಂದು ತಿಳಿಯಲು ಮೂರು ತಿಂಗಳ ಹಿಂದಿನ ಪಟ್ಟಿಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಬೇಕು. ಮುಗಿದವು ಕಳಚಿ ಉಳಿದವುಗಳ ಕ್ರಮ ಹಾಗೆಯೇ ಇದ್ದರೆ, ಬಳಕೆದಾರರಿಂದ ಬಂದ ಯಾವ ಮಾತೂ ಪಟ್ಟಿಯನ್ನು ತಲುಪಿಲ್ಲ. ಹಾಗೆಯೇ ‘ತೊಂಬತ್ತು ಭಾಗ ಮುಗಿದ’ ಸಾಲುಗಳು ಸ್ಪ್ರಿಂಟ್‌ನಿಂದ ಸ್ಪ್ರಿಂಟ್‌ಗೆ ದಾಟುತ್ತಿದ್ದರೆ ರಿಫೈನ್‌ಮೆಂಟ್‌ನಲ್ಲಿ ಸೀಳುವುದು ನಡೆದೇ ಇಲ್ಲ.

ಈ ಪದ್ಧತಿಗೆ ದಾಟಲಾಗದ ಗಡಿಗಳೂ ಇವೆ. ಮ್ಯುಟೇಷನ್‌ಗೆ ಆಕ್ಷೇಪಣೆ ಸಲ್ಲಿಸಲು ಕಾನೂನು ಕೊಟ್ಟ ಅವಧಿಯನ್ನು ಯಾವ ಸ್ಪ್ರಿಂಟ್ ಕೂಡ ಕುಗ್ಗಿಸಲಾರದು. ಆದ್ದರಿಂದ ಒಂದು ಅರ್ಜಿಯ ಪೂರ್ಣ ಪಯಣವನ್ನು ನಿಜ ಬಳಕೆಯಲ್ಲಿ ನೋಡಲು ಹಲವು ಸ್ಪ್ರಿಂಟ್‌ ಬೇಕಾಗಬಹುದು, ಅಷ್ಟರೊಳಗೆ ಹಂತಗಳನ್ನು ಬೇರೆ ಬೇರೆ ಅರ್ಜಿಗಳಲ್ಲಿ ಪರಿಶೀಲಿಸಬೇಕು. ಇನ್ನೊಂದು ಗಡಿ ಟೆಂಡರ್. ವ್ಯಾಪ್ತಿ, ಬೆಲೆ, ದಿನಾಂಕ ಮೂರನ್ನೂ ಕರಾರಿನಲ್ಲಿ ಬಿಗಿದಿಟ್ಟರೆ ಪ್ರಾಡಕ್ಟ್ ಓನರ್‌ಗೆ ಕ್ರಮ ಬದಲಿಸುವ ಜಾಗವಿದ್ದರೂ ಸಾಲೊಂದನ್ನು ಕೈಬಿಡುವ ಜಾಗ ಇರುವುದಿಲ್ಲ. ಅಂಥ ಕರಾರಿನೊಳಗೆ ಕೆಲಸ ಮಾಡುವ ತಂಡ ಮೊದಲ ಸ್ಪ್ರಿಂಟ್‌ಗೂ ಮುನ್ನವೇ, ಸಾಲನ್ನು ಬದಲಿಸುವ ವಿಧಾನವನ್ನು ಕರಾರಿಗೆ ಬರವಣಿಗೆಯಲ್ಲಿ ಸೇರಿಸಿಕೊಳ್ಳಬೇಕು: ಒಂದನ್ನು ತೆಗೆದು ಅಷ್ಟೇ ಗಾತ್ರದ ಇನ್ನೊಂದನ್ನು ಹಾಕಲು ಯಾರ ಸಹಿ ಬೇಕು, ಎಷ್ಟು ದಿನದೊಳಗೆ ಬೇಕು ಎಂಬುದು ಅದರಲ್ಲಿರಬೇಕು.