ಸಂದಿಗ್ಧ ಷರತ್ತಿನ ಭಾರ ಯಾರ ಮೇಲೆ? ವಾಹನ ವಿಮೆಯ ಎರಡು ತೀರ್ಪುಗಳ ಹಿನ್ನೆಲೆಯಲ್ಲಿ

ಕರಾರಿನ ಮಾತಿಗೆ ಎರಡು ಅರ್ಥ ಬರುವಂತಿದ್ದರೆ ಅದನ್ನು ಬರೆದವರ ವಿರುದ್ಧವೇ ಓದಬೇಕೆಂಬ ನಿಯಮ ರೋಮನ್ ಕಾನೂನಿನಷ್ಟು ಹಳೆಯದು. ಅಸ್ಪಷ್ಟ ಒಪ್ಪಂದದ ನಷ್ಟವನ್ನು ಮಾರಾಟಗಾರ ಅಥವಾ ಬಾಡಿಗೆಗೆ ಕೊಟ್ಟವನೇ ಹೊರಬೇಕು, ಏಕೆಂದರೆ ಷರತ್ತನ್ನು ಸ್ಪಷ್ಟವಾಗಿ ಬರೆಯುವುದು ಅವನ ಕೈಯಲ್ಲೇ ಇತ್ತು ಎಂಬುದು ನ್ಯಾಯಶಾಸ್ತ್ರಜ್ಞ ಪಪಿನಿಯನ್ ದಾಖಲಿಸಿದ ಅಭಿಪ್ರಾಯ. ಕಾಂಟ್ರಾ ಪ್ರೊಫರೆಂಟಮ್ ಎಂಬ ಲ್ಯಾಟಿನ್ ಹೆಸರಿನಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಬೆಳೆದ ಈ ನಿಯಮ ಅಲ್ಲಿಂದ ನಮ್ಮಲ್ಲಿಗೂ ಬಂತು. 1872ರ ಭಾರತೀಯ ಕರಾರು ಅಧಿನಿಯಮದಲ್ಲಿ ಇದಕ್ಕೊಂದು ಕಲಂ ಇಲ್ಲ. ಇದು ಇಲ್ಲಿ ನೆಲೆಯೂರಿದ್ದು ತೀರ್ಪುಗಳ ಮೂಲಕ, ಅದರಲ್ಲೂ ವಿಮಾ ವ್ಯಾಜ್ಯಗಳ ಮೂಲಕ.

ವಿಮಾ ಪಾಲಿಸಿಯ ಹೊರಗಿಡುವ ಷರತ್ತುಗಳ ವಿಷಯದಲ್ಲಿ ನ್ಯಾಯಾಲಯಗಳು ಹಿಡಿದ ದಾರಿಗಳು ಮಾತ್ರ ಎರಡು. ವಾಹನದಲ್ಲಿ ಹೆಚ್ಚು ಜನ ಕುಳಿತಿದ್ದ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಅವುಗಳ ವ್ಯತ್ಯಾಸ ಕಾಣುತ್ತದೆ.

‘ಹೊರೆ’ ಎಂದರೇನು?

ಮೊದಲನೆಯದು ಇಂಗ್ಲೆಂಡಿನ ಹೌಟನ್ ಪ್ರಕರಣ. ತೀರ್ಪು ಬಂದದ್ದು 1953ರ ಕೊನೆಯಲ್ಲಿ. ಐದು ಜನರ ಕಾರಿನಲ್ಲಿ ಆರು ಜನರಿದ್ದಾಗ ಅಪಘಾತವಾಯಿತು. ವಾಹನವನ್ನು ಎಷ್ಟು ಹೊರೆಗಾಗಿ ತಯಾರಿಸಲಾಗಿದೆಯೋ ಅದಕ್ಕಿಂತ ಹೆಚ್ಚಿನ ಹೊರೆ ಸಾಗಿಸುವಾಗ ಆದ ನಷ್ಟಕ್ಕೆ ಪರಿಹಾರವಿಲ್ಲ ಎಂದು ಪಾಲಿಸಿಯಲ್ಲಿತ್ತು. ಆರನೆಯ ವ್ಯಕ್ತಿಯೇ ಹೆಚ್ಚಿನ ಹೊರೆ ಎಂದು ಕಂಪನಿ ವಾದಿಸಿತು.

ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಲಾರಿ, ವ್ಯಾನುಗಳಿಗೆ ಇಷ್ಟು ತೂಕ ಹೊರಬಹುದು ಎಂಬ ಮಿತಿ ಇರುತ್ತದೆ. ‘ಹೊರೆ’ ಎಂಬ ಮಾತು ಅಂಥ ವಾಹನಗಳಿಗೆ ಸರಿಹೊಂದುತ್ತದೆ. ಖಾಸಗಿ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರು ಹೆಚ್ಚಾಗಿ ಒತ್ತಿಕೊಂಡು ಕುಳಿತರೆ ವಿಮೆಯೇ ಇಲ್ಲವಾಗುತ್ತದೆ ಎಂದು ಆ ಮಾತಿನಿಂದ ಸಾಮಾನ್ಯ ಮಾಲೀಕನಿಗೆ ತಿಳಿಯುವುದಿಲ್ಲ. ಕಂಪನಿಗೆ ಅದೇ ಉದ್ದೇಶವಿದ್ದರೆ ಪ್ರಯಾಣಿಕರ ಸಂಖ್ಯೆಯನ್ನೇ ಬರೆಯಬಹುದಿತ್ತು. ಸಂದೇಹ ಮಾತಿನಲ್ಲೇ ಇದ್ದುದರಿಂದ ಅದರ ಲಾಭ ಮಾಲೀಕನಿಗೆ ಸಿಕ್ಕಿತು.

ಸಂಖ್ಯೆ ಸ್ಪಷ್ಟವಿದ್ದಾಗ

ಎರಡನೆಯದು ಕರ್ನಾಟಕದ್ದು: ಬಿ.ವಿ. ನಾಗರಾಜು ಮತ್ತು ಓರಿಯಂಟಲ್ ಇನ್ಶೂರೆನ್ಸ್ ಕಂಪನಿಯ ಹಾಸನ ವಿಭಾಗೀಯ ಕಚೇರಿಯ ನಡುವಿನ ವ್ಯಾಜ್ಯ. ಸುಪ್ರೀಂ ಕೋರ್ಟ್ ಇದನ್ನು 1996ರಲ್ಲಿ ತೀರ್ಮಾನಿಸಿತು. ಸರಕು ಸಾಗಣೆ ವಾಹನದಲ್ಲಿ ಚಾಲಕನಲ್ಲದೆ ಆರು ಕೆಲಸಗಾರರು ಮಾತ್ರ ಇರಬಹುದೆಂದು ಪಾಲಿಸಿ ಹೇಳಿತ್ತು. ಅಪಘಾತವಾದಾಗ ಅದರಲ್ಲಿ ಒಂಬತ್ತು ಜನರಿದ್ದರು. ಇಲ್ಲಿ ಸಂದಿಗ್ಧತೆ ಏನೂ ಇರಲಿಲ್ಲ. ಆರು ಎಂದರೆ ಆರೇ.

ಆದರೂ ಗೆದ್ದದ್ದು ಮಾಲೀಕ. ಹೆಚ್ಚಿಗೆ ಹತ್ತಿಸಿಕೊಂಡವರಿಂದ ಅಪಘಾತವಾಗಿರಲಿಲ್ಲ. ಆ ಉಲ್ಲಂಘನೆ ಕರಾರಿನ ಬುಡವನ್ನೇ ಅಲುಗಿಸುವಂಥದ್ದೂ ಅಲ್ಲ ಎಂದು ನ್ಯಾಯಾಲಯ ಹೇಳಿತು. ಇದಕ್ಕೆ ಆಧಾರ 1987ರ ಸ್ಕ್ಯಾಂಡಿಯಾ ತೀರ್ಪು. ಹೊರಗಿಡುವ ಷರತ್ತು ಕರಾರಿನ ಮುಖ್ಯ ಉದ್ದೇಶದೊಡನೆ ಸೆಣಸುವಂತಿದ್ದರೆ ಅದರ ವ್ಯಾಪ್ತಿಯನ್ನು ಕುಗ್ಗಿಸಿ ಓದಬೇಕು ಎಂಬುದು ಅದರ ಸಾರ. ಇದರ ಮೂಲ 1893ರ ಗ್ಲಿನ್ ಪ್ರಕರಣ: ಮಲಾಗಾದಿಂದ ಲಿವರ್‌ಪೂಲಿಗೆ ಹೊರಟ ಕಿತ್ತಳೆ ಹಣ್ಣಿನ ಹಡಗು ಬೇರೆ ಬಂದರಿಗೆ ಸುತ್ತಿ ಹೋಗಿದ್ದರಿಂದ ಹಣ್ಣು ಕೆಟ್ಟಿತ್ತು. ಎಲ್ಲಿಗೆ ಬೇಕಾದರೂ ಹೋಗಬಹುದೆಂಬ ಮುದ್ರಿತ ಷರತ್ತು ಹಡಗಿನವರನ್ನು ಉಳಿಸಲಿಲ್ಲ.

ಹೌಟನ್‌ನಲ್ಲಿ ಪ್ರಶ್ನೆ ಆ ಮಾತಿನ ಅರ್ಥವೇನು ಎಂಬುದು. ನಾಗರಾಜು ಪ್ರಕರಣದಲ್ಲಿ ಅರ್ಥ ಗೊತ್ತಿದ್ದೂ ಅದನ್ನು ಎಲ್ಲಿಯವರೆಗೆ ಅನ್ವಯಿಸಬೇಕು ಎಂಬುದು. ಎರಡನೆಯ ಬಗೆಯ ತೀರ್ಪನ್ನು ಮೊದಲ ನಿಯಮದ ಉದಾಹರಣೆಯಾಗಿ ಕೊಡುವುದು ಸರಿಯಲ್ಲ.

ನಿಯಮದ ಮಿತಿ

ಬರೆದವರ ವಿರುದ್ಧ ಓದುವ ನಿಯಮಕ್ಕೆ ನಮ್ಮಲ್ಲಿ ಸದಾ ಉಲ್ಲೇಖಿಸುವುದು 1966ರ ಚಂದೂಮಲ್ ಜೈನ್ ತೀರ್ಪನ್ನು. ಸಂದೇಹವಿದ್ದರೆ ಪಾಲಿಸಿಯನ್ನು ಕಂಪನಿಯ ವಿರುದ್ಧ ಓದಬೇಕು ಎಂದು ಅದು ಹೇಳಿದ್ದು ನಿಜ. ಆದರೆ ನ್ಯಾಯಾಲಯ ಹೊಸ ಕರಾರು ಬರೆದುಕೊಡಲಾಗದು ಎಂದೂ ಅದೇ ತೀರ್ಪು ಹೇಳಿತು, ಮತ್ತು ಆ ವ್ಯಾಜ್ಯದಲ್ಲಿ ಗೆದ್ದದ್ದು ಕಂಪನಿಯೇ. 2004ರ ಹರ್‌ಚಂದ್ ರಾಯ್ ಪ್ರಕರಣದಲ್ಲಿಯೂ ಹೀಗೇ ಆಯಿತು. ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ಪರಿಹಾರ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿತ್ತು. ಬಲಪ್ರಯೋಗ ನಡೆದಿರಲಿಲ್ಲವಾದ್ದರಿಂದ ಪರಿಹಾರವೂ ಸಿಗಲಿಲ್ಲ.

ಹಾಗಾಗಿ ವಾದ ಹೂಡುವವರು ಮೊದಲು ನಿರ್ದಿಷ್ಟ ಪದವನ್ನು ತೋರಿಸಿ, ಅದಕ್ಕೆ ಹೊಂದುವ ಎರಡು ಅರ್ಥಗಳನ್ನು ಮುಂದಿಡಬೇಕು. ಷರತ್ತು ಕಠಿಣವಾಗಿದೆ ಎಂದ ಮಾತ್ರಕ್ಕೆ ಅದು ಸಂದಿಗ್ಧವಾಗದು. ಮಾತು ಸ್ಪಷ್ಟವಿದ್ದರೆ ಮುಖ್ಯ ಉದ್ದೇಶದ ದಾರಿ ಉಳಿಯುತ್ತದೆ. ಅದಕ್ಕೆ ಉಲ್ಲಂಘನೆಗೂ ನಷ್ಟಕ್ಕೂ ಸಂಬಂಧವಿಲ್ಲವೆಂದು ತೋರಿಸುವ ಸಾಕ್ಷ್ಯ ಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಇನ್ನೊಂದು ದಾರಿ ತೆರೆದಿದೆ: ಗ್ರಾಹಕನಿಗೆ ಅನ್ಯಾಯವಾಗುವ ಷರತ್ತನ್ನು ರಾಜ್ಯ ಆಯೋಗ ಅಸಿಂಧು ಎಂದೇ ಘೋಷಿಸಬಹುದು. ಅಲ್ಲಿ ಪದದ ಅರ್ಥ ಸಂದಿಗ್ಧವೆಂದು ಸಾಧಿಸುವ ಅಗತ್ಯವಿಲ್ಲ.