ಹಳೆ ಹಾರ್ಮೋನಿಯಂ ಮಾರಾಟ: ವಿವರದಲ್ಲಿ ಏನೇನಿರಬೇಕು

ಕಾಸರಗೋಡು ಕಡೆಯ ಭಜನಾ ಮಂದಿರಗಳಿಂದಲೂ ಮನೆಗಳಿಂದಲೂ ಹಳೆ ಹಾರ್ಮೋನಿಯಂ ಮಾರಾಟದ ವಿವರಗಳು ನಮಗೆ ಬರುತ್ತಿರುತ್ತವೆ. ಹೆಚ್ಚಿನವುಗಳಲ್ಲಿ ಇರುವುದು ಇಷ್ಟೇ: "ಡಬಲ್ ರೀಡ್, ತೇಗದ ಮರ, ಸುಸ್ಥಿತಿಯಲ್ಲಿದೆ, ಚೀಲ ಸಹಿತ." ಇದನ್ನು ಓದಿ ಬಸ್ಸು ಹತ್ತಿ ಹೋದವರಿಗೆ ಪೆಟ್ಟಿಗೆಯ ಹೊಳಪು ಸಿಗಬಹುದು, ಸ್ವರ ಸಿಗಲಿಕ್ಕಿಲ್ಲ. ಆದ್ದರಿಂದ ಇದೇ ಒಂದು ಸಾಲನ್ನು ಬಿಡಿಸಿ ನೋಡೋಣ.

ಮೊದಲು ಅಳತೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಬರೆಯುವುದರ ಜೊತೆಗೆ ಕೀಗಳನ್ನು, ಕರಿ ಬಿಳಿ ಎರಡನ್ನೂ ಸೇರಿಸಿ, ಎಣಿಸಿ ಬರೆಯಬೇಕು. 37 ಕೀ ಇದ್ದರೆ ಮೂರು ಸ್ಥಾಯಿ, 42 ಇದ್ದರೆ ಮೂರೂವರೆ. ಡಬಲ್ ರೀಡ್ ಎಂದರೆ ಪ್ರತಿ ಕೀಗೂ ಎರಡು ರೀಡು. 37 ಕೀಯ ಪೆಟ್ಟಿಗೆಯಲ್ಲಿ 74 ಹಿತ್ತಾಳೆ ರೀಡುಗಳಿರುತ್ತವೆ. ಅವುಗಳಲ್ಲಿ ಎಷ್ಟು ನುಡಿಯುತ್ತವೆ ಎಂಬುದೇ ಕೊಳ್ಳುವವರಿಗೆ ಬೇಕಾದ ಲೆಕ್ಕ. ಒಂದು ಸಾಲಿನ ಸ್ಟಾಪರ್ ಮಾತ್ರ ಎಳೆದು ಎಲ್ಲಾ ಕೀಗಳನ್ನು ಒಂದೊಂದಾಗಿ ಒತ್ತಿ, ಆಮೇಲೆ ಇನ್ನೊಂದು ಸಾಲಿನಲ್ಲಿ ಹಾಗೆಯೇ ಮಾಡಿ, ಮೂಕವಾದವನ್ನೂ ಕೀರಲಾದವನ್ನೂ ಗುರುತು ಹಾಕಿಕೊಳ್ಳಿ. ಎರಡೂ ಸಾಲನ್ನು ಒಟ್ಟಿಗೆ ತೆರೆದು ನುಡಿಸಿದರೆ ಒಂದರ ದನಿಯಲ್ಲಿ ಇನ್ನೊಂದರ ದೋಷ ಮುಚ್ಚಿಹೋಗುತ್ತದೆ.

ಎರಡನೆಯದು ಗಾಳಿ. ಸ್ಟಾಪರ್ ತೆರೆದು, ಯಾವ ಕೀಯನ್ನೂ ಒತ್ತದೆ ತಿದಿ ಹಾಕಿ ಕಿವಿಗೊಡಿ. ಬುಸ್ ಎಂಬ ಸದ್ದು ಬಂದರೆ, ತುಂಬಿದ ಗಾಳಿ ಬೇಗ ಇಳಿದರೆ, ಎಲ್ಲೋ ಸೋರುತ್ತಿದೆ. ಕೀ ಮುಟ್ಟದೆಯೇ ಒಂದು ಸ್ವರ ಕೂಗುತ್ತಿದ್ದರೆ ಆ ಕೀ ಪೂರ್ತಿ ಕೂರುತ್ತಿಲ್ಲ. ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ ಕೀ ಸಿಕ್ಕಿಕೊಳ್ಳುವುದುಂಟು, ಒಳಗಿನ ಚರ್ಮಕ್ಕೆ ಬೂಷ್ಟು ಹಿಡಿಯುವುದೂ ಉಂಟು. ಹಾಗಾಗಿ ಎಷ್ಟು ಕಾಲದಿಂದ ನುಡಿಸದೆ ಇಟ್ಟಿದೆ ಎಂಬುದನ್ನೂ ಬರೆಯಿರಿ.

ಮೂರನೆಯದು ಮರ. ಮುಚ್ಚಳದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರ ಪದರವಾಗಿ ಕಂಡರೆ ಅದು ಪ್ಲೈವುಡ್. ತೇಗ ಮೇಲಿನ ಹಾಳೆ ಮಾತ್ರ. ಅದರಿಂದ ಪೆಟ್ಟಿಗೆ ಕೆಟ್ಟದ್ದೆಂದಾಗದು, ಆದರೆ ಗಟ್ಟಿ ತೇಗದ ಬೆಲೆ ಕೇಳುವುದು ಸರಿಯಲ್ಲ.

ಈಗ ಅದೇ ಸಾಲು ಹೀಗಾಗುತ್ತದೆ:

"37 ಕೀ, ಮೂರು ಸ್ಥಾಯಿ, ಎರಡು ಸಾಲು ರೀಡು. 74ರಲ್ಲಿ 71 ನುಡಿಯುತ್ತವೆ. ಕೆಳಸ್ಥಾಯಿಯಲ್ಲಿ ಎರಡು ಮೂಕ, ಒಂದು ಕೀರಲು. ತಿದಿಯ ಒಂದು ಮೂಲೆಯಲ್ಲಿ ಸಣ್ಣ ಸೋರಿಕೆ. ಹೊರಗೆ ತೇಗದ ಹಾಳೆ, ಒಳಗೆ ಪ್ಲೈವುಡ್. ಎರಡು ಮಳೆಗಾಲ ನುಡಿಸಿಲ್ಲ. ಬಟ್ಟೆ ಚೀಲವಿದೆ, ಜಿಪ್ ಹೋಗಿದೆ. ಮರದ ಪೆಟ್ಟಿಗೆ ಇಲ್ಲ."

ಇಷ್ಟು ಓದಿದವರು ರಿಪೇರಿಯವರನ್ನು ಮೊದಲೇ ವಿಚಾರಿಸಿ, ಆ ಖರ್ಚು ಕಳೆದು ಬೆಲೆ ಹೇಳಬಲ್ಲರು. ಶ್ರುತಿ ಕೂಡಿದೆಯೇ ಎಂಬುದು ಮಾತ್ರ ಬರವಣಿಗೆಯಲ್ಲಿ ತಿಳಿಯದು. ಅದಕ್ಕೆ ಕೀಗಳನ್ನು ಒಂದೊಂದಾಗಿ ನುಡಿಸಿದ ಧ್ವನಿಮುದ್ರಣವನ್ನು ವಿವರದ ಜೊತೆಗೇ ಕಳುಹಿಸಬೇಕಾಗಿ ವಿನಂತಿ.